ಹದಿನೇಳನೇ ಪಟದ ಪಾದಗಳು

ಸಿರುಗುಪ್ಪದಲ್ಲಿ ಬಸ್ಸು ಹತ್ತಿದಾಗ ಕೈಚೀಲದ ಬಾಯಿಯನ್ನು ಬಿಗಿಹಿಡಿದ ಪಂಪಾವತಿ ತೆಕ್ಕಲಕೋಟೆ ದಾಟಿದರೂ ಬಿಟ್ಟಿರಲಿಲ್ಲ. ಚೀಲದಲ್ಲಿ ಕಳ್ಳರು ಹೊತ್ತೊಯ್ಯುವಂಥದ್ದೇನೂ ಇರಲಿಲ್ಲ. ಎರಡು ರೊಟ್ಟಿ, ಚಟ್ನಿಪುಡಿ, ಒಂದು ನೋಟುಬುಕ್ಕು, ಫ್ರೇಮು ಅಳೆಯುವ ಟೇಪು. ಆದರೂ ಅವಳ ಮನಸ್ಸು ಆಗಲೇ ಬಳ್ಳಾರಿಯಲ್ಲಿತ್ತು, ಬಳ್ಳಾರಿಯಲ್ಲಿ ಯಾರನ್ನೂ ನಂಬಬಾರದೆಂದು ಅವಳು ನಿಶ್ಚಯಿಸಿಯಾಗಿತ್ತು.

ಸಿರುಗುಪ್ಪ ಬಸ್‌ಸ್ಟ್ಯಾಂಡಿನ ಎದುರು ಅವಳ ಸ್ಟುಡಿಯೋ ಇಪ್ಪತ್ತೆರಡು ವರ್ಷದಿಂದ ನಡೆಯುತ್ತಿದೆ. ತಾಲ್ಲೂಕಿನ ಛಾಯಾಗ್ರಾಹಕರೆಲ್ಲ ಅವಳನ್ನು ಅಕ್ಕ ಎನ್ನುತ್ತಾರೆ, ಅಕ್ಕ ಹೇಳಿದ್ದನ್ನು ಮೀರುವುದಿಲ್ಲ. ಜಿಲ್ಲಾ ಸಂಘದವರು ಪ್ರತಿವರ್ಷ ಒಂದು ಸ್ಪರ್ಧೆ ನಡೆಸುತ್ತಾರೆ. ಗೆದ್ದ ಚಿತ್ರವನ್ನು ನಾಲ್ಕು ಅಡಿಯ ಪ್ರಿಂಟು ತೆಗೆಸಿ ಸಂಘದ ಕಚೇರಿಯ ಗೋಡೆಗೆ ಖಾಯಂ ಆಗಿ ತೂಗುಹಾಕುತ್ತಾರೆ. ಗೋಡೆಯ ಮೇಲೆ ಮೂರು ವರ್ಷದ ಮೂರು ಚಿತ್ರಗಳಿದ್ದವು, ಮೂರೂ ಬಳ್ಳಾರಿ ನಗರದವು. ಎರಡನೆಯ, ಮೂರನೆಯ ಬಹುಮಾನಗಳಲ್ಲೂ ಸಿರುಗುಪ್ಪದ ಹೆಸರು ಒಂದು ಸಲವೂ ಬಂದಿರಲಿಲ್ಲ.

ಈ ಸಲ ಸಿರುಗುಪ್ಪದ ಮೂವತ್ತನಾಲ್ಕು ಮಂದಿ ಸೇರಿ ಸಂಘಕ್ಕೆ ಒಂದು ಮಾತು ಕಳಿಸಿದ್ದರು. ತೀರ್ಪು ನಡೆಯುವಾಗ ನಮ್ಮ ಪೈಕಿ ಒಬ್ಬರು ಎದುರಿಗೆ ಕೂರಬೇಕು, ಎಲ್ಲ ನ್ಯಾಯವಾಗಿ ನಡೆಯಿತೆಂದು ಅವರು ಸಹಿ ಹಾಕಬೇಕು. ಹಾಕದಿದ್ದರೆ ನಾವು ಸಂಘದಲ್ಲೇ ಇರುವುದಿಲ್ಲ. ಸಹಿ ಹಾಕುವ ಆ ಒಬ್ಬರು ಪಂಪಾವತಿ.

ಅವಳು ಬರಿಗೈಯಲ್ಲೂ ಹೊರಟಿರಲಿಲ್ಲ. ಹೋದ ವರ್ಷ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದಳು. ಗೆದ್ದ ಚಿತ್ರಗಳೆಲ್ಲ ಅಡ್ಡ ಇದ್ದವು, ಪರದೆ ತುಂಬ ಹರಡಿದ್ದವು, ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದವು. ಬಳ್ಳಾರಿಯವರಿಗೆ ಮೊದಲೇ ಗುಟ್ಟು ಗೊತ್ತಿದೆ ಎಂದು ಅವಳಿಗೆ ಅನಿಸಿತ್ತು. ಈ ಸಲ ತನ್ನವರನ್ನೆಲ್ಲ ಕೂರಿಸಿಕೊಂಡು, ಅಡ್ಡ ಕತ್ತರಿಸ್ರಿ, ಫೈಲು ದೊಡ್ಡದು ಮಾಡ್ರಿ, ಬೆಳಕು ಏರಿಸ್ರಿ ಎಂದಿದ್ದಳು. ಎಲ್ಲರೂ ತಲೆದೂಗಿದರು, ಹಚ್ಚೊಳ್ಳಿಯ ದುರುಗಪ್ಪನನ್ನು ಬಿಟ್ಟು.

ದುರುಗಪ್ಪ ತನ್ನ ತಾಯಿ ಸಾವಂತ್ರಮ್ಮನ ಫೋಟೊ ತೆಗೆದಿದ್ದ. ನಾಟಿಯ ಹೊಲದ ನೀರಿನಲ್ಲಿ ನಿಂತಿದ್ದಾಳೆ, ಎದೆಗೆ ಸಸಿಯ ಕಟ್ಟು ಒತ್ತಿಕೊಂಡಿದ್ದಾಳೆ. ತಲೆಯಿಂದ ಪಾದದವರೆಗೆ ನಿಲುವಿನ ಚಿತ್ರ. ಸಿರುಗುಪ್ಪದ ಕಡೆ ಯಾರ ಫೋಟೊ ತೆಗೆದರೂ ಹಾಗೆಯೇ. ಮದುಮಕ್ಕಳಿರಲಿ, ಹಿರಿಯರಿರಲಿ, ಪಾದ ಕಡಿದುಹೋದರೆ ಗಿರಾಕಿಗಳು ಫೋಟೊ ಮುಟ್ಟುವುದಿಲ್ಲ, ಅಪಶಕುನ ಎನ್ನುತ್ತಾರೆ. ಅದಕ್ಕೇ ಆ ಕಡೆಯ ಛಾಯಾಗ್ರಾಹಕರ ಕೈ ತಾನಾಗಿಯೇ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸುತ್ತದೆ.

"ಅಕ್ಕಾ, ಅಡ್ಡ ಮಾಡಿದ್ರ ಸೊಂಟದ ಕೆಳಗ ಎಲ್ಲಾ ಹೋಗ್ತತಿ. ಅವ್ವನ ಪಾದ ಹೋಗ್ತಾವ," ಎಂದಿದ್ದ ದುರುಗಪ್ಪ.

"ಅವರು ಪಾದ ನೋಡಾಕ ಕುಂತಿಲ್ಲಲೇ. ಪರದಿ ತುಂಬಬೇಕು. ಗೋಡಿ ಮ್ಯಾಲೆ ನಿಮ್ಮವ್ವನ ನೋಡಬೇಕೋ ಬ್ಯಾಡೋ?"

ಎರಡು ದಿನದ ನಂತರ ಅವನು ಅಡ್ಡ ಕತ್ತರಿಸಿ, ಬೆಳಕು ಏರಿಸಿದ ಫೈಲು ಕಳಿಸಿದ.

ಗಾಂಧಿನಗರದ ಶಶಿಕಾಂತನ ಕಲರ್ ಲ್ಯಾಬಿನ ಮಹಡಿಯ ಮೇಲೆ ತೀರ್ಪು. ಶಶಿಕಾಂತ ಈ ವರ್ಷದ ಸಂಚಾಲಕ, ನಲವತ್ತರ ಹರೆಯದ ತೆಳ್ಳಗಿನ ಮನುಷ್ಯ, ಮಾತಿಗೊಮ್ಮೆ ಕನ್ನಡಕ ಒರೆಸುವವನು. ಪಂಪಾವತಿ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟಾಗ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿತ್ತು. ಬೆಳಗಿನ ಹನ್ನೊಂದಕ್ಕೆ ಒಳಗೆ ಕತ್ತಲೆ.

"ಇದ್ಯಾಕ್ರಿ ಶಶಿಕಾಂತ್, ಹೊರಗಿನವರಿಗೆ ಕಾಣಬಾರ್ದು ಅಂತನ?"

"ಕಿಟಕಿ ಬೆಳಕು ಪರದಿ ಮ್ಯಾಲೆ ಬಿದ್ರ ಕಪ್ಪು ಚಿತ್ರ ಸಾಯ್ತಾವ್ರಿ ಅಕ್ಕಾ, ಬೆಳ್ಳನ್ವು ಉಳೀತಾವ. ಅದಕ್ಕ ಮುಚ್ಚೀನಿ. ಪ್ರೊಜೆಕ್ಟರ್ ಅರ್ಧ ತಾಸಿನ ಮುಂಚೆನ ಹಚ್ಚೀನಿ, ಅದರ ದೀಪ ಒಂದು ಹದಕ್ಕ ನಿಲ್ಲಬೇಕಲ್ಲ. ಕುಂದರ್ರಿ."

ಉತ್ತರ ಬಹಳ ನುಣುಪಾಗಿತ್ತು. ನುಣುಪಾದದ್ದು ಅವಳಿಗೆ ಹಿಡಿಸಲಿಲ್ಲ. ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ತೀರ್ಪುಗಾರರು ಮೂವರು. ಹಳೆಯ ಪತ್ರಿಕಾ ಛಾಯಾಗ್ರಾಹಕ ಎರ್ರಣ್ಣ ಬೀಡದ ಕೆಂಪು ತುಟಿಯಲ್ಲೇ ನಕ್ಕ. ಕಾಲೇಜಿನಲ್ಲಿ ಚಿತ್ರಕಲೆ ಕಲಿಸುವ ಅಕ್ಷತಾ ಎದ್ದು ನಮಸ್ಕರಿಸಿದಳು. ಮೂರನೆಯವರು ಕುರುಗೋಡಿನ ಕೊಟ್ರಬಸಪ್ಪ ಮೇಷ್ಟ್ರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಹಣೆಯ ಮೇಲೆ ಮೂರು ಬೆರಳ ವಿಭೂತಿ. ಮಠದಲ್ಲಿ ಕಾವ್ಯ ವಾಚನ ಮಾಡುತ್ತಿದ್ದವರು. ಈಗ ಗಂಟಲು ಒಡೆದು ದನಿ ಗಾಳಿಯಂತೆ ಬರುತ್ತಿತ್ತು, ಆದರೆ ಮಾತಿನ ನಡುವೆ ಅವರು ನಿಲ್ಲಿಸುವ ಜಾಗಗಳಲ್ಲಿ ಹಳೆಯ ಲಯ ಹಾಗೆಯೇ ಉಳಿದಿತ್ತು.

ಕುರುಗೋಡಿನಿಂದಲೂ ಚಿತ್ರಗಳು ಬಂದಿದ್ದವು. ಮೇಷ್ಟ್ರ ಹೆಸರಿನ ಕೆಳಗೆ ಪಂಪಾವತಿ ಎರಡು ಗೆರೆ ಎಳೆದಳು.

ಶಶಿಕಾಂತ ಪರದೆಯ ಮುಂದೆ ನಿಂತ. ಒಟ್ಟು ನಲವತ್ತೊಂದು ಚಿತ್ರ. ಹೆಸರಿಲ್ಲ, ಊರಿಲ್ಲ, ಫೈಲು ಎಷ್ಟು ಎಂಬಿ ಎನ್ನುವುದೂ ಕಾಣುವುದಿಲ್ಲ, ಬರೀ ನಂಬರು. ನಂಬರನ್ನೂ ಕಂಪ್ಯೂಟರೇ ಕಲೆಸಿ ಕೊಟ್ಟಿದೆ. ಅಷ್ಟು ಹೇಳಿ ಕನ್ನಡಕ ಒರೆಸಿದ.

"ಹೋದ ಮೂರು ವರ್ಷದ್ದು ತೆಗೆದು ಕುಂತಿದ್ದೆ. ಒಂಬತ್ತು ಬಹುಮಾನ. ಒಂಬತ್ತೂ ಅಡ್ಡ ಚಿತ್ರ. ಬಂದ ಚಿತ್ರದಾಗ ಹತ್ತಿರ ಹತ್ತಿರ ಅರ್ಧ ನಿಲುವಿನ್ವು ಇದ್ವು, ಒಂದೂ ಗೆದ್ದಿಲ್ಲ. ಒಂಬತ್ತರಾಗ ಏಳು ಆಯಾ ವರ್ಷದ ಬಾಳ ಬೆಳ್ಳನ ಚಿತ್ರದಾಗಿನ್ವು. ಇದು ಯಾರೋ ಮಾಡಿದ ಮೋಸ ಅಲ್ರಿ. ಪರದಿ ಮಾಡಿದ್ದು."

ಪಂಪಾವತಿಗೆ ನಗು ಬಂತು. "ಪರದಿಗೆ ಕೈಕಾಲು ಅದಾವೇನ್ರಿ? ತಪ್ಪು ಮಾಡಿದೋರು ಬಳ್ಳಾರಿಯೋರು, ಬೈಸಿಕೊಳ್ಳಾದು ಪರದಿ. ಚಲೋ ಐತಿ."

ಎರ್ರಣ್ಣ ಗಹಗಹಿಸಿದ. "ಶಶಿ, ಅಕ್ಕ ಇವತ್ತು ನಿನ್ನ ಬಿಡಾಂಗಿಲ್ಲ."

"ಬಿಡಬ್ಯಾಡ್ರಿ," ಎಂದ ಶಶಿಕಾಂತ. "ಹಳೇ ಪದ್ಧತಿ ಮೊದ್ಲು ತೋರಿಸ್ತೀನಿ. ನಿಮ್ಮ ಟೇಪ್ ತೆಗೀರಿ."

ಚೀಲದಲ್ಲಿ ಟೇಪಿದೆಯೆಂದು ಇವನಿಗೆ ಹೇಗೆ ಗೊತ್ತು ಎಂದು ಅವಳು ಚೀಲದ ಕಡೆ ನೋಡಿದಳು. ಆಮೇಲೆ ಟೇಪಿನ ಹಳದಿ ತುದಿ ಚೀಲದಿಂದ ಹೊರಗೆ ಇಣುಕುತ್ತಿದ್ದದ್ದು ಕಾಣಿಸಿತು.

ಶಶಿಕಾಂತ ಚಿತ್ರಗಳನ್ನು ಮೊದಲಿನಂತೆ ಪರದೆಗೆ ಹಿಡಿಸಿ ಓಡಿಸಿದ. ಹದಿನೇಳನೆಯದು ಬಂದಾಗ ಪಂಪಾವತಿ ಬರೆಯುವುದನ್ನು ಬಿಟ್ಟು ತಲೆಯೆತ್ತಿದಳು. ಸಾವಂತ್ರಮ್ಮ ಗೋಡೆಯ ಈ ತುದಿಯಿಂದ ಆ ತುದಿಗೆ ಹರಡಿಕೊಂಡಳು. ಹೊಲದ ಹಸಿರು ಉರಿಯಿತು, ಸೀರೆ ಬಿಳಿ ಬೆಂಕಿಯಂತೆ ಹೊಳೆಯಿತು. ಎರ್ರಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ತನ್ನ ಲೆಕ್ಕಾಚಾರ ಸರಿಯಾಗಿಯೇ ಇತ್ತು ಎಂದುಕೊಂಡಳು. ಅದರ ಹಿಂದೆಯೇ ಯಾವುದೋ ಒಂದು ನಿಲುವಿನ ಚಿತ್ರ ಬಂತು, ನಡುವೆ ಒಂದು ಸಣ್ಣ ಬಾಗಿಲಿನಂತೆ, ಎರಡೂ ಬದಿ ಕಪ್ಪು.

"ಅಳೀರಿ."

ಅಳೆದಳು. ಹದಿನೇಳನೆಯದು ಎಪ್ಪತ್ತೆರಡು ಇಂಚು ಅಗಲ, ನಲವತ್ತೂವರೆ ಎತ್ತರ. ನಿಲುವಿನದು ಎತ್ತರ ಅಷ್ಟೇ, ಅಗಲ ಮಾತ್ರ ಇಪ್ಪತ್ತೇಳು. ನೋಟುಬುಕ್ಕಿನಲ್ಲಿ ಗುಣಿಸಿದಳು. ಒಂದಕ್ಕೆ ಎರಡು ಸಾವಿರದ ಒಂಬೈನೂರ ಹದಿನಾರು ಚದರ ಇಂಚು. ಇನ್ನೊಂದಕ್ಕೆ ಸಾವಿರದ ತೊಂಬತ್ಮೂರು. ಎರಡೂವರೆ ಪಟ್ಟಿಗೂ ಹೆಚ್ಚು ವ್ಯತ್ಯಾಸ.

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಮೂರು ವರ್ಷ ಸಿರುಗುಪ್ಪದವರು ಕಳಿಸಿದ್ದು ಇಂಥ ಸಣ್ಣ ಬಾಗಿಲುಗಳನ್ನು.

"ಈಗ ಹೊಸ ಪದ್ಧತಿ," ಎಂದ ಶಶಿಕಾಂತ. ಪರದೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತು, ಕಪ್ಪೂ ಅಲ್ಲ ಬಿಳಿಯೂ ಅಲ್ಲ. ನಡುವೆ ಹದಿನೇಳನೆಯದು ಬಂತು. ಸಾವಂತ್ರಮ್ಮ ಚಿಕ್ಕವಳಾಗಿದ್ದಳು.

ಪಂಪಾವತಿ ಎದ್ದೇ ನಿಂತಳು. "ಯಾಕ್ರಿ ಇದನ್ನ ಕುಗ್ಗಿಸಿದ್ರಿ? ಇದು ಎಂಟು ಸಾವಿರ ಪಿಕ್ಸೆಲ್ ಅಗಲದ್ದು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಯಾವುದು ಯಾರದ್ದೆಂದು ಹೇಳಬಾರದಿತ್ತು. ಮೇಷ್ಟ್ರು ಒಮ್ಮೆ ಅವಳ ಕಡೆ ನೋಡಿ ಕಣ್ಣು ತಗ್ಗಿಸಿದರು.

"ಎಲ್ಲಾನೂ ಕುಗ್ಗಿಸೀನ್ರಿ," ಎಂದ ಶಶಿಕಾಂತ ಸಮಾಧಾನದಿಂದ. "ಅಗಲ ಸಮ ಮಾಡಿದ್ರ ನಿಲುವಿನ್ವು ದೊಡ್ಡವಾಗ್ತಾವ, ಎತ್ತರ ಸಮ ಮಾಡಿದ್ರ ಅಡ್ಡನ್ವು ದೊಡ್ಡವಾಗ್ತಾವ. ಅದಕ್ಕ ಹರವು ಸಮ ಮಾಡೀನಿ. ಅಗಲಕ್ಕ ಎತ್ತರ ಗುಣಿಸಿದ್ರ ಎಲ್ಲಾಕ್ಕೂ ಒಂದ ಲೆಕ್ಕ ಬರಬೇಕು. ಯಾವುದನ್ನೂ ಕತ್ತರಿಸಿಲ್ಲ, ಎಳೆದಿಲ್ಲ. ವಾಟ್ಸಾಪಿನಾಗ ಬಂದ ಎಲ್ಲಾಕ್ಕಿಂತ ಸಣ್ಣ ಫೈಲಿಗೂ ಈ ಅಳತಿ ಸಾಕು, ಅದನ್ನ ಹಿಗ್ಗಿಸೋ ಪ್ರಸಂಗ ಇಲ್ಲ. ದೊಡ್ಡ ಫೈಲು ಇಳೀತಾವ, ಸಣ್ಣನ್ವು ಉಬ್ಬಾಂಗಿಲ್ಲ."

"ನಾನು ಅಳೀತೀನಿ."

"ಅದಕ್ಕ ಟೇಪ್ ತೆಗಿಸಿದ್ದು," ಎಂದ ಎರ್ರಣ್ಣ.

ಅವಳು ಒಂದೊಂದನ್ನೂ ಅಳೆದಳು. ನಿಲುವಿನದು ಇಪ್ಪತ್ತೈದು ಇಂಚು ಅಗಲ, ಮೂವತ್ತೇಳೂವರೆ ಎತ್ತರ. ಚೌಕದ್ದು ಮೂವತ್ತೂವರೆಗೆ ಚೂರು ಜಾಸ್ತಿ, ಎರಡೂ ಕಡೆ. ಹದಿನೇಳು ನಲವತ್ತು ಮುಕ್ಕಾಲು ಅಗಲ, ಇಪ್ಪತ್ಮೂರು ಎತ್ತರ. ಪಟ್ಟಿಯಂತೆ ಉದ್ದವಾದ ಒಂದು ಚಿತ್ರ ಐವತ್ಮೂರು ಅಗಲ, ಹದಿನೇಳು ಮುಕ್ಕಾಲು ಎತ್ತರ. ಗುಣಿಸಿದರೆ ಎಲ್ಲ ಒಂಬೈನೂರ ಮೂವತ್ತು, ನಲವತ್ತರ ಆಸುಪಾಸು. ಎಲ್ಲಾದರೂ ನೂರು ಇಂಚು ಜಾರಿದ್ದರೆ ಅವಳಿಗೆ ಸಂತೋಷವಾಗುತ್ತಿತ್ತು. ಜಾರಿರಲಿಲ್ಲ. ಅನುಮಾನ ಮಾತ್ರ ಹೋಗಲಿಲ್ಲ, ಜಾಗ ಬದಲಿಸಿತು. ಅಳತೆ ಸರಿಯಿದ್ದರೆ ಮೋಸ ಮನುಷ್ಯರಲ್ಲಿ ಇರಬೇಕು.

ಮೇಷ್ಟ್ರು ತಮ್ಮ ಗಾಳಿಯ ದನಿಯಲ್ಲಿ ಕರೆದರು. "ಯವ್ವಾ, ನೀನೂ ಒಂದು ಚೀಟಿ ಇಟ್ಕೊ. ನಿನಗ ಯಾವುದು ಮ್ಯಾಲೆ ಅನಸ್ತತಿ ಅದನ್ನ ಬರಿ. ನಮಗ ತೋರಿಸಬ್ಯಾಡ. ನಿನ್ನ ಹತ್ರನ ಇರ್ಲಿ."

"ನಾನು ತೀರ್ಪು ಕೊಡಾಕ ಬಂದಿಲ್ರಿ ಮೇಷ್ಟ್ರ. ಕಾಯಾಕ ಬಂದೀನಿ."

"ಕಾಯೋರಿಗೂ ಕಣ್ಣು ಇರ್ತಾವಲ್ಲ."

ನಲವತ್ತೊಂದು ಚಿತ್ರಗಳು ಬೂದು ಪರದೆಯ ಮೇಲೆ ಬಂದು ಹೋದವು, ಒಂದೊಂದಕ್ಕೂ ಹತ್ತು ಸೆಕೆಂಡು. ಎರಡನೆಯ ಸಲ ತಲೆಕೆಳಗಾದ ಕ್ರಮದಲ್ಲಿ, ಮೊದಲು ಕಂಡದ್ದಕ್ಕೆ ಹೆಚ್ಚಿನ ಮಾನ ಸಿಗದಿರಲೆಂದು. ಆರು ಉಳಿದವು. ಊಟದ ಹೊತ್ತಿಗೆ ಎರಡು ಉಳಿದವು, ಹದಿನೇಳು ಮತ್ತು ಇಪ್ಪತ್ಮೂರು.

ಇಪ್ಪತ್ಮೂರು ಕಪ್ಪಗಿತ್ತು. ಪಂಕ್ಚರ್ ಅಂಗಡಿಯ ಒಳಗೆ ಒಬ್ಬ ಮುದುಕ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದಾನೆ. ಬಾಗಿಲಿನಿಂದ ಬಂದ ಬೆಳಕಷ್ಟೇ ಬೆಳಕು. ಅದು ಅವನ ಕೆನ್ನೆಯ ಅಂಚನ್ನು, ನೀರಿನ ಅಂಚನ್ನು ಮುಟ್ಟಿ ಅಲ್ಲಿಗೇ ನಿಂತಿದೆ. ಬೆಳಿಗ್ಗೆ ಹಳೆಯ ಪದ್ಧತಿಯಲ್ಲಿ ತೋರಿಸಿದಾಗ ಇದು ಬಂದದ್ದೂ ಹೋದದ್ದೂ ಪಂಪಾವತಿಗೆ ನೆನಪೇ ಇರಲಿಲ್ಲ.

ಅವಳು ರೊಟ್ಟಿ ಬಿಚ್ಚಿದಳು, ತಿನ್ನಲಾಗಲಿಲ್ಲ. ಅಷ್ಟರಲ್ಲಿ ದುರುಗಪ್ಪನ ಫೋನು. ಹೊರಗೆ ಮೆಟ್ಟಿಲಿಗೆ ಬಂದು ಎತ್ತಿದಳು.

"ಏನಾತಕ್ಕಾ?"

"ನಡದೈತಿ."

"ಮೋಸ ಮಾಡಾಕ ಹತ್ಯಾರೇನು?"

"ಇನ್ನೂ ಸಿಕ್ಕಿಲ್ಲ. ಹುಡುಕಾಕ ಹತ್ತೀನಿ."

"ಅವ್ವ ದೀಪ ಹಚ್ಚಿ ಕುಂತಾಳ," ಎಂದ ದುರುಗಪ್ಪ. ಆಮೇಲೆ ದನಿ ತಗ್ಗಿಸಿ, "ಆಕಿಗೆ ಪಾದ ಇಲ್ಲದ ಫೋಟೊ ಕಳಿಸೀನಿ ಅಂತ ಹೇಳಿಲ್ಲ," ಎಂದು ಫೋನಿಟ್ಟ.

ಒಳಗೆ ವಾದ ಶುರುವಾಗಿತ್ತು. ಎರ್ರಣ್ಣ ಹದಿನೇಳಕ್ಕೆ ಹಾಕಿದ್ದ, ಅಕ್ಷತಾ ಇಪ್ಪತ್ಮೂರಕ್ಕೆ. ಮೇಷ್ಟ್ರು ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ನೋಡ್ರಿ, ಹದಿನೇಳು ಜೀವಂತ ಐತಿ," ಎಂದ ಎರ್ರಣ್ಣ. "ಇದು, ಇಪ್ಪತ್ಮೂರು, ಗವಿ ಇದ್ದಂಗ ಐತಿ."

"ಹದಿನೇಳು ಚೆನ್ನಾಗಿದೆ ಅಂತ ಅನ್ನಿಸ್ತಿರೋದು ಬೆಳ್ಳಗಿರೋದಕ್ಕೇ ಇರಬಹುದು ಸಾರ್," ಎಂದಳು ಅಕ್ಷತಾ.

ಶಶಿಕಾಂತ ಕನ್ನಡಕ ಒರೆಸಿದ. "ಅದಕ್ಕೊಂದು ಪರೀಕ್ಷೆ ಐತ್ರಿ. ಎರಡರ ಸರಾಸರಿ ಬೆಳಕು ಸಮ ಮಾಡಿ ಒಂದು ಸಲ ತೋರಿಸ್ತೀನಿ. ತೀರ್ಪಿಗಲ್ಲ, ಬರೀ ಪರೀಕ್ಷೆಗೆ. ಕಪ್ಪು ಚಿತ್ರ ಕಪ್ಪಗ ಇರಬೇಕು ಅಂತನ ತೆಗೆದವರು ತೆಗೆದಿರ್ತಾರ, ಅದನ್ನ ನಾವು ಬೆಳಗಿಸಿ ಬೆಲಿ ಕಟ್ಟಬಾರ್ದು. ಆದ್ರ ಬೆಳಕು ಸಮ ಆದ ಕೂಡ್ಲೆ ನಿಮ್ಮ ಮನಸ್ಸು ತಿರುಗಿದ್ರ, ನೀವು ಚಿತ್ರಕ್ಕ ಹಾಕಿರಲಿಲ್ಲ, ಬೆಳಕಿಗೆ ಹಾಕಿದ್ರಿ ಅಂತ ಆತು. ಆಮ್ಯಾಲೆ ಮತ್ತ ಇದ್ದ ಹಂಗ ನೋಡಿ ತೀರ್ಪು ಕೊಡ್ರಿ."

ಇಲ್ಲೇ ಇದೆ ಕೈಚಳಕ, ಎಂದುಕೊಂಡಳು ಪಂಪಾವತಿ. "ನನ್ನ ಕಣ್ಣ ಮುಂದ ಮಾಡ್ರಿ," ಎಂದು ಅವನ ಕುರ್ಚಿಯ ಹಿಂದೆಯೇ ಹೋಗಿ ನಿಂತಳು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವಳು; ಯಾವ ಗುಂಡಿ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮೊದಲು ಹದಿನೇಳನ್ನು ಇಪ್ಪತ್ಮೂರರ ಮಟ್ಟಕ್ಕೆ ಇಳಿಸಿದ. ಹೊಲದ ಹಸಿರು ತಣ್ಣಗಾಯಿತು. ಆದರೆ ಸಾವಂತ್ರಮ್ಮನ ಸೀರೆ ಬರೀ ಬೂದು ತಗಡಾಯಿತು. ನಿರಿಗೆಯಿಲ್ಲ, ಅಂಚಿಲ್ಲ, ಎದೆಗೆ ಒತ್ತಿದ ಸಸಿಯ ಬೇರಿನಿಂದ ಇಳಿದ ಕೆಸರಿನ ಕಲೆಯಿಲ್ಲ. ಬೆಳಕು ಏರಿಸಿದಾಗ ಸುಟ್ಟುಹೋದದ್ದು ಬೆಳಕು ಇಳಿಸಿದರೆ ವಾಪಸ್ಸು ಬರಲಿಲ್ಲ. ಕೆನ್ನೆಯ ಸುತ್ತ ಅಂಚು ಹರಿತ ಮಾಡಲು ಹೋಗಿ ಮೂಡಿದ ಬಿಳಿ ಗೆರೆ ದಾರ ಸುತ್ತಿದಂತೆ ಕಾಣುತ್ತಿತ್ತು. ಎಂಟು ಸಾವಿರ ಪಿಕ್ಸೆಲ್ಲಿನಲ್ಲಿ ನಾಲ್ಕು ಸಾವಿರವಷ್ಟೇ ಕ್ಯಾಮೆರಾ ಕಂಡದ್ದು, ಉಳಿದದ್ದು ಕಂಪ್ಯೂಟರು ಊಹಿಸಿ ತುಂಬಿದ್ದು. ಫೈಲು ನಾಲ್ಕು ಪಟ್ಟಾಗಿತ್ತು, ಒಳಗೆ ಒಂದು ಎಳೆಯೂ ಹೆಚ್ಚಾಗಿರಲಿಲ್ಲ.

ಆಮೇಲೆ ಇಪ್ಪತ್ಮೂರನ್ನು ಹದಿನೇಳರ ಮಟ್ಟಕ್ಕೆ ಏರಿಸಿದ. ಕತ್ತಲೆಯಲ್ಲಿ ಕಾಳುಕಾಳು ಎದ್ದಿತು, ವಾಟ್ಸಾಪಿನ ಒರಟೂ ಕಂಡಿತು. ಆದರೆ ಅದರೊಳಗೆ ಮುದುಕನ ಬೆರಳು, ಬೆರಳ ಸಂದಿಯ ಗ್ರೀಸು, ಬೋಗುಣಿಯ ನೀರಿನಲ್ಲಿ ಸಾಲಾಗಿ ಏಳುತ್ತಿದ್ದ ಆರು ಗುಳ್ಳೆ, ಎಲ್ಲ ಇದ್ದಲ್ಲೇ ಇದ್ದವು.

ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಮತ್ತೊಮ್ಮೆ ತೋರಿಸಿದ. ಎರ್ರಣ್ಣ ಬಹಳ ಹೊತ್ತು ನೋಡಿದ. ಬಾಯಲ್ಲಿದ್ದ ಬೀಡವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿದ.

"ನನ್ನ ಮಕ್ಕಳ ಆಣೆ, ನಾನು ಬೆಳಕಿಗೆ ಹಾಕಿದ್ದೆ," ಎಂದ. "ಇದ್ದ ಹಂಗ ತೋರ್ಸು ಇನ್ನೊಮ್ಮೆ."

ಇದ್ದ ಹಾಗೆ ತೋರಿಸಿದ. ಬೂದು ಪರದೆ, ಎರಡು ಚಿತ್ರ. ಈಗ ಇಪ್ಪತ್ಮೂರರ ಕತ್ತಲೆ ಗವಿಯ ಕತ್ತಲೆಯಂತೆ ಕಾಣಲಿಲ್ಲ. ಮುದುಕ ಕಿವಿಗೊಟ್ಟು ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ಪಂಪಾವತಿ ಮೇಷ್ಟ್ರು ಹೇಳಿದಂತೆ ಚೀಟಿಯಲ್ಲಿ ಮೊದಲೇ ಬರೆದಿಟ್ಟಿದ್ದ ಹದಿನೇಳನ್ನು ಹೊಡೆದುಹಾಕಿ ಇಪ್ಪತ್ಮೂರು ಎಂದು ಬರೆದಳು. ಬರೆದ ಮೇಲೆ ತಾನೇ ಬರೆದದ್ದೆಂದು ನಂಬಲಾಗದೆ ಚೀಟಿಯನ್ನು ಎರಡು ಮಡಿಕೆ ಮಡಿಸಿ ಚೀಲದ ತಳಕ್ಕೆ ತುರುಕಿದಳು. ಅದನ್ನು ಯಾರೂ ಕೇಳದಿದ್ದರೆ ಸಾಕಿತ್ತು.

ಮೂವರೂ ಇಪ್ಪತ್ಮೂರು ಎಂದರು. ಶಶಿಕಾಂತ ಲಕೋಟೆ ಒಡೆದು ಹೆಸರು ಓದಿದ. ಇಪ್ಪತ್ಮೂರು, ದೊಡ್ಡಬಸವರಾಜ, ಕುರುಗೋಡು.

ಬೆಳಿಗ್ಗೆಯಿಂದ ಹುಡುಕಿದ್ದು ಈಗ ಸಿಕ್ಕಿತು ಎನಿಸಿ ಪಂಪಾವತಿಗೆ ಒಂದು ಬಗೆಯ ಹಗುರವಾಯಿತು. ನೋಟುಬುಕ್ಕು ತೆರೆದು ಎರಡು ಗೆರೆ ಎಳೆದ ಜಾಗಕ್ಕೆ ಬೆರಳಿಟ್ಟಳು.

"ಕುರುಗೋಡು! ಮೇಷ್ಟ್ರ, ನಿಮ್ಮೂರ ಅಲ್ಲೇನ್ರಿ?"

"ಹೌದವ್ವ."

"ಆ ಮುದುಕ ನಿಮಗ ಗೊತ್ತಿದ್ದನೇನು?"

"ಕುರುಗೋಡಿನಾಗ ಪಂಕ್ಚರ್ ಅಂಗಡಿ ಎಷ್ಟೋ ಅದಾವ. ಇವನ್ನ ನಾನು ನೋಡಿಲ್ಲ. ಆದ್ರ ನೀನು ನಂಬಬ್ಯಾಡ. ನಿನ್ನ ಜಾಗದಾಗ ಇದ್ದಿದ್ರ ನಾನೂ ನಂಬತಿರಲಿಲ್ಲ." ಮೇಷ್ಟ್ರು ಕೈಚೀಲದ ಕಡೆ ನೋಡಲಿಲ್ಲ, ಅವಳ ಮುಖವನ್ನು ನೋಡಿದರು. "ನಮ್ಮ ಮಠದಾಗ ಓದೋರು ಇಬ್ಬರಿದ್ವಿ. ನನ್ನ ದನಿ ದೊಡ್ಡದು, ಮೈಕಿನ ಹತ್ರ ನಾನ ಕುಂದ್ರತಿದ್ದೆ. ಇನ್ನೊಬ್ಬಂದು ಸಣ್ಣ ದನಿ. ಮಂದಿ ನನ್ನ ಹಿಂದ ಬರೋರು. ನಮ್ಮ ಗುರುಗಳು ಒಂದಿನ ಇಬ್ಬರನ್ನೂ ಪಡಸಾಲಿಯ ಪರದಿ ಹಿಂದ ಕುಂದ್ರಿಸಿ, ನಿನ್ನ ದನಿ ಅವನ ದನಿಯಷ್ಟು ಇಳಿಸಿ ಓದು ಅಂತ ನನಗ ಅಂದ್ರು. ಓದಿದೆ. ಅವತ್ತು ನನಗ ತಿಳೀತು, ಪದ್ಯ ಅವನ ಹತ್ರ ಇತ್ತು, ನನ್ನ ಹತ್ರ ಬರೀ ಗಂಟಲಿತ್ತು."

ಕೆಳಗಿನ ರಸ್ತೆಯಲ್ಲಿ ಆಟೋ ಹಾರ್ನು ಹೊಡೆಯಿತು.

"ನಿನ್ನ ಚೀಟಿ ನಿನ್ನ ಹತ್ರನ ಇರ್ಲಿ," ಎಂದರು ಮೇಷ್ಟ್ರು. "ಅದರಾಗ ಏನೈತೋ ನಮಗ ಬ್ಯಾಡ. ಅದನ್ನ ಒಮ್ಮೆ ನೋಡ್ಕೊ. ನೋಡಿ ಸಹಿ ಮಾಡು, ಇಲ್ಲಾ ಬಿಡು."

ಪಂಪಾವತಿ ಚೀಟಿ ತೆಗೆಯಲಿಲ್ಲ. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಕುರುಗೋಡು ಎನ್ನುವುದು ಗೊತ್ತಾಗುವ ಮೊದಲೇ, ಸಾವಂತ್ರಮ್ಮನ ಮುಖ ಗುರುತು ಹಿಡಿದ ಮೇಲೂ, ತನ್ನ ಕೈಯಿಂದಲೇ ಬರೆದದ್ದು. ಮೇಷ್ಟ್ರನ್ನು ಕಳ್ಳ ಎನ್ನಬೇಕಾದರೆ ಮೊದಲು ಆ ಚೀಟಿಯನ್ನು ಹರಿಯಬೇಕಿತ್ತು.

ಅವಳು ಫೋನು ತೆಗೆದು ಶಶಿಕಾಂತನ ಮುಂದೆ ಹಿಡಿದಳು. "ಇದನ್ನ ಅದ ಅಳತಿಗೆ ಒಮ್ಮೆ ಹಾಕ್ರಿ. ಸ್ಪರ್ಧೆಗಲ್ಲ. ಸ್ಪರ್ಧೆ ಮುಗೀತು."

ಅದು ದುರುಗಪ್ಪ ಮೊದಲು ಕಳಿಸಿದ್ದ ಚಿತ್ರ, ಕತ್ತರಿಸುವುದಕ್ಕೆ ಮುಂಚಿನದು, ಬೆಳಕು ಏರಿಸುವುದಕ್ಕೆ ಮುಂಚಿನದು. ಬೂದು ಪರದೆಯ ಮೇಲೆ ಇಪ್ಪತ್ತೈದು ಇಂಚು ಅಗಲ, ಮೂವತ್ತೇಳೂವರೆ ಎತ್ತರದಲ್ಲಿ ಸಾವಂತ್ರಮ್ಮ ನೆಟ್ಟಗೆ ನಿಂತಳು. ಸೀರೆ ಬಿಳಿಯಿರಲಿಲ್ಲ, ತೊಳೆದು ತೊಳೆದು ಮಾಸಿದ ತೆಳು ಹಳದಿ, ಅಂಚಿನಲ್ಲಿ ಕೆಸರು. ಸಸಿಯ ಬೇರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಪಾದ ನೀರಿನೊಳಗೆ ಅರ್ಧ ಮುಳುಗಿತ್ತು, ಆ ನೀರಿನಲ್ಲಿ ತಲೆಕೆಳಗಾಗಿ ಇನ್ನೊಬ್ಬ ಸಾವಂತ್ರಮ್ಮ ಇದ್ದಳು, ಅವಳ ಪಾದಕ್ಕೆ ಇವಳ ಪಾದ ಅಂಟಿಕೊಂಡಿತ್ತು. ಒಬ್ಬಳ ಭಾರವನ್ನು ಇನ್ನೊಬ್ಬಳು ಹೊತ್ತಂತೆ.

ಎರ್ರಣ್ಣ ಬೀಡ ಅಗಿಯುವುದನ್ನು ನಿಲ್ಲಿಸಿದ. ಅಕ್ಷತಾ ಇಪ್ಪತ್ಮೂರರ ಕಡೆಗೊಮ್ಮೆ ನೋಡಿ ಮತ್ತೆ ಇದನ್ನೇ ನೋಡಿದಳು. ಯಾವುದು ಮೇಲೆಂದು ಯಾರೂ ಹೇಳಲಿಲ್ಲ, ಹೇಳುವ ಹಕ್ಕು ಮುಗಿದಿತ್ತು.

"ಇದನ್ನ ಯಾಕ ಕಳಿಸಲಿಲ್ಲ?" ಎಂದು ಶಶಿಕಾಂತ ಮೆಲ್ಲಗೆ ಕೇಳಿದ.

ಅವಳು ಸಹಿಯ ಹಾಳೆಯನ್ನು ಎಳೆದುಕೊಂಡು, ತೀರ್ಪು ನ್ಯಾಯವಾಗಿ ನಡೆದಿದೆ ಎನ್ನುವ ಸಾಲಿನ ಕೆಳಗೆ ಹೆಸರು ಬರೆದಳು. ಆಮೇಲೆ ಅದರ ಕೆಳಗೆ ದುಂಡಗೆ ಇನ್ನೊಂದು ಸಾಲು ಬರೆದಳು. ಮುಂದಿನ ವರ್ಷದಿಂದ ಈ ಅಳತೆಯ ಪದ್ಧತಿಯನ್ನು ಪ್ರವೇಶಪತ್ರದಲ್ಲೇ ಅಚ್ಚು ಹಾಕಿಸಿ ಎಲ್ಲ ತಾಲ್ಲೂಕಿಗೂ ಮುಂಚಿತವಾಗಿ ಕಳಿಸಬೇಕು. ತಿಳಿಸದೆ ಬದಲಿಸಿದ ನಿಯಮ ಅನುಮಾನ ಹುಟ್ಟಿಸುತ್ತದೆ. ಶಶಿಕಾಂತ ಅದನ್ನು ಓದಿ ತಲೆಯಾಡಿಸಿದ. ತಪ್ಪೆಂದು ಒಪ್ಪಿಕೊಂಡ.

ಮೆಟ್ಟಿಲಿಳಿದು ಬಿಸಿಲಿಗೆ ಬಂದಾಗ ಕಣ್ಣು ಕತ್ತಲಿಟ್ಟಿತು. ಅಂಗಡಿಯ ನೆರಳಿಗೆ ಸರಿದು ದುರುಗಪ್ಪನಿಗೆ ಫೋನು ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ.

"ಮೊದಲನೇದು ಬರಲಿಲ್ಲಪ್ಪಾ," ಎಂದಳು. "ಎರಡನೇದು ಬಂತು."

ಆ ಕಡೆ ಯಾರೋ ಬಕೆಟ್ಟು ಕೆಳಗಿಟ್ಟ ಸದ್ದು. ಸಾವಂತ್ರಮ್ಮ ಇರಬೇಕು.

"ನಂಗ ಗೊತ್ತಿತ್ತು," ಎಂದ ದುರುಗಪ್ಪ, ದನಿ ಬಿಗಿಯಾಗಿತ್ತು. "ಸಹಿ ಮಾಡಲಿಲ್ಲ ಅಲ್ಲಕ್ಕಾ? ಯಾರು ಮೋಸ ಮಾಡಿದ್ರು ಹೇಳು. ಬಳ್ಳಾರಿಯೋರೋ, ಬ್ಯಾರೆ ಊರಿನೋರೋ?"

ಪಂಪಾವತಿ ಕೈಚೀಲದ ಬಾಯಿಯನ್ನು ಬಿಟ್ಟಳು. ಬಿಗಿಯಾಗಿ ಹಿಡಿದ ಬೆರಳುಗಳು ಜೋಮು ಹಿಡಿದಿದ್ದವು.

"ಸಹಿ ಮಾಡೀನಿ," ಎಂದಳು. "ಪಾದ ಕತ್ತರಿಸಿದ್ದು ನಾನು, ದುರುಗಪ್ಪಾ. ಫೋನು ನಿಮ್ಮವ್ವನ ಕೈಗೆ ಕೊಡು."